ಮುಂಗಡವಾ, ಡಿಪಾಸಿಟ್ಟಾ: ಒಂದು ಷರತ್ತುಪಟ್ಟಿಯ ಪ್ರೂಫ್ ನೋಡಿದ ಅನುಭವ

ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವ ಚಿಕ್ಕ ವ್ಯಾಪಾರವೊಂದರ ವೆಬ್‌ಸೈಟಿನ ಷರತ್ತುಗಳು ಪ್ರೂಫ್ ನೋಡಲು ನನ್ನ ಹತ್ತಿರ ಬಂದವು. ಒಟ್ಟು ಹದಿನಾಲ್ಕು ಷರತ್ತು, ನಾಲ್ಕು ಪುಟ. "ಬರೀ ಕಾಗುಣಿತ ನೋಡಿಕೊಡಿ ಸಾಕು" ಎಂದಿದ್ದರು ಮಾಲೀಕರು. ಕಾಗುಣಿತ ನೋಡುವುದಕ್ಕೆ ಒಂದು ಗಂಟೆ ಸಾಕಾಯಿತು. ಉಳಿದ ಕೆಲಸಕ್ಕೆ ಎರಡು ದಿನ ಹಿಡಿಯಿತು.

ಮೊದಲ ಸಲ ಓದುವಾಗ ನಾನು ಏನನ್ನೂ ತಿದ್ದುವುದಿಲ್ಲ. ಸುಮ್ನೆ ಗಿರಾಕಿಯ ಹಾಗೆ ಓದುತ್ತೇನೆ. ನಾನು ಎಷ್ಟು ಹಣ ಕಟ್ಟಬೇಕು, ಯಾವಾಗ, ಅದರಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ಹುಡುಕುತ್ತೇನೆ. ಇಲ್ಲಿ ಮೂರನೇ ಪ್ರಶ್ನೆಗೆ ಬಂದಾಗ ಸಿಕ್ಕಿಕೊಂಡೆ.

3ನೇ ಷರತ್ತು: "ಬುಕಿಂಗ್ ಸಮಯದಲ್ಲಿ ಮುಂಗಡ ಕಟ್ಟಬೇಕು." 6ನೇ ಷರತ್ತು: "ವಸ್ತು ಸರಿಯಾಗಿ ಮರಳಿ ಬಂದ ಮೇಲೆ ಡಿಪಾಸಿಟ್ ಹಿಂದಿರುಗಿಸಲಾಗುವುದು." 11ನೇ ಷರತ್ತು: "ಬುಕಿಂಗ್ ರದ್ದು ಮಾಡಿದರೆ ಠೇವಣಿ ಹಿಂದಿರುಗಿಸಲಾಗದು."

ಮೂರು ಕಡೆ ಮೂರು ಪದ. ಕೈ ತಕ್ಷಣ ಎಲ್ಲವನ್ನೂ ಒಂದೇ ಪದ ಮಾಡಲು ಹೋಗುತ್ತದೆ. ಹಾಗೆ ಮಾಡಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ಮುಂಗಡ ಎಂದರೆ ಬಾಡಿಗೆಯ ಒಂದು ಭಾಗ, ಕೊನೆಯ ಲೆಕ್ಕದಲ್ಲಿ ಬಾಡಿಗೆಗೇ ಜಮೆಯಾಗುತ್ತದೆ. ಡಿಪಾಸಿಟ್ ಎಂದರೆ ವಸ್ತು ಮುರಿದರೆ, ಕಳೆದರೆ ಇರಲಿ ಎಂದು ಹಿಡಿದಿಟ್ಟುಕೊಳ್ಳುವ ಹಣ, ಅದು ವಾಪಸ್ ಬರುತ್ತದೆ. ಇವೆರಡು ಬೇರೆ ಬೇರೆ. ಹಾಗಾದರೆ 11ರಲ್ಲಿರುವ ಠೇವಣಿ ಇವೆರಡರಲ್ಲಿ ಯಾವುದು? ನಿಘಂಟು ನೋಡಿದರೆ ಠೇವಣಿ ಮತ್ತು ಡಿಪಾಸಿಟ್ ಒಂದೇ. ಆ ಪ್ರಕಾರ ಓದಿದರೆ, ಕ್ಯಾಮೆರಾ ಮುಟ್ಟದೆಯೇ ಬುಕಿಂಗ್ ರದ್ದು ಮಾಡಿದವರ ಡಿಪಾಸಿಟ್ ಪೂರ್ತಿ ಹೋಗುತ್ತದೆ. ಇದು ನಿಜಕ್ಕೂ ಅವರ ಉದ್ದೇಶವಾ?

ನಾನು ಊಹಿಸಲಿಲ್ಲ, ಮಾಲೀಕರಿಗೆ ಬರೆದು ಕೇಳಿದೆ. "ಅಯ್ಯೋ, ಇಲ್ಲ. ಅಲ್ಲಿ ಹೇಳಿದ್ದು ಬುಕಿಂಗ್ ಮುಂಗಡದ ಬಗ್ಗೆ. ಡಿಪಾಸಿಟ್ ನಾವು ಕ್ಯಾಮೆರಾ ಕೈಗೆ ಕೊಡುವಾಗಲೇ ತಗೊಳ್ಳೋದು" ಎಂದರು. ಅಂದರೆ ಪದ ಮೂರು, ಅರ್ಥ ಎರಡು. ಪದಗಳು ಕಲಸಿಕೊಂಡಿರುವಾಗ ಮೊದಲು ಎಣಿಸಬೇಕಾದದ್ದು ಇದನ್ನೇ. ಇಂಥದಕ್ಕೆ ನಾನು ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕುತ್ತೇನೆ: ಪದ, ಎಲ್ಲೆಲ್ಲಿ ಬಂದಿದೆ, ಅಲ್ಲಿ ಅದರ ಅರ್ಥವೇನು. ಅರ್ಥದ ಅಂಕಣ ನನ್ನಿಂದ ತುಂಬಲಾಗದಿದ್ದರೆ ಅದು ಮಾಲೀಕರಿಗೆ ಹೋಗುವ ಪ್ರಶ್ನೆ.

ಇದೇ ಹಾಳೆಯಲ್ಲಿ ಗ್ರಾಹಕ, ಬಳಕೆದಾರ, ಸದಸ್ಯ ಎಂಬ ಪದಗಳೂ ಇದ್ದವು. ಗ್ರಾಹಕ, ಬಳಕೆದಾರ ಎರಡೂ ಬಾಡಿಗೆಗೆ ತೆಗೆದುಕೊಳ್ಳುವವರೇ, ಹಾಗಾಗಿ ಗ್ರಾಹಕ ಉಳಿಯಿತು. ಸದಸ್ಯ ಮಾತ್ರ ವರ್ಷದ ಚಂದಾ ಕಟ್ಟಿ ರಿಯಾಯಿತಿ ಪಡೆಯುವವರು. ಅದನ್ನು ಮುಟ್ಟಲಿಲ್ಲ.

ಡಿಪಾಸಿಟ್, ಠೇವಣಿ ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು? ನನಗೆ ಠೇವಣಿಯೇ ಇಷ್ಟ. ಆದರೆ ಹಣ ಕಟ್ಟುವ ಪುಟ, ರಸೀದಿ ಎರಡರಲ್ಲೂ ಡಿಪಾಸಿಟ್ ಎಂದಿತ್ತು. ಗಿರಾಕಿ ಹಣ ಕೊಡುವಾಗ ನೋಡಿದ ಪದವೇ ಷರತ್ತಿನಲ್ಲೂ ಸಿಗಬೇಕು. ಹಾಗಾಗಿ ಡಿಪಾಸಿಟ್ ಎಂದೇ ಇಟ್ಟೆ.

ಇಲ್ಲಿ ಕನ್ನಡದ್ದೇ ಆದ ಒಂದು ತೊಡಕಿದೆ. ಹುಡುಕಿ ಬದಲಿಸುವ ಗುಂಡಿ ಒತ್ತಿ ಠೇವಣಿ ಎಂಬುದರ ಜಾಗದಲ್ಲೆಲ್ಲ ಡಿಪಾಸಿಟ್ ಹಾಕಿದರೆ, "ಠೇವಣಿಯನ್ನು" ಇದ್ದದ್ದು "ಡಿಪಾಸಿಟ್ಯನ್ನು" ಆಗುತ್ತದೆ. ಪದ ಬದಲಾಯಿತು, ಹಳೆಯ ಪದದ ವಿಭಕ್ತಿ ಹಾಗೇ ಅಂಟಿಕೊಂಡಿತು. ಅದಕ್ಕೇ ನಾನು ಎಲ್ಲವನ್ನೂ ಒಟ್ಟಿಗೆ ಬದಲಿಸುವುದಿಲ್ಲ. ಠೇವಣಿ ಎಂದು ಹುಡುಕುತ್ತೇನೆ, ಒಂದೊಂದರ ಹತ್ತಿರ ನಿಲ್ಲುತ್ತೇನೆ, ಪೂರ್ತಿ ಪದವನ್ನು ಕೈಯಾರೆ ಬರೆಯುತ್ತೇನೆ. ಈ ಪಟ್ಟಿಯಲ್ಲಿ ಒಂಬತ್ತು ಕಡೆ ಇತ್ತು, ಹತ್ತು ನಿಮಿಷದ ಕೆಲಸ. ಒಂಬತ್ತರಲ್ಲಿ ಎರಡು ಕಡೆ ಬರಬೇಕಾಗಿದ್ದದ್ದು ಮುಂಗಡ. ಗುಂಡಿ ಒತ್ತಿದ್ದರೆ ಆ ಎರಡೂ ತಪ್ಪಾಗಿಯೇ ಕೂರುತ್ತಿದ್ದವು.

ಇನ್ನು ಕಾಗುಣಿತ. ಧನ್ಯವಾದ ಎಂಬಲ್ಲಿ ದನ್ಯವಾದ, ಷರತ್ತು ಎಂಬಲ್ಲಿ ಶರತ್ತು, ಇಂಥವು ಕಣ್ಣಿಗೆ ಬೇಗ ಬೀಳುತ್ತವೆ. ನನಗೆ ಭಯ ಇರುವುದು ಸರಿಯಾದ ಪದವೇ ಆಗಿ ಕೂತಿರುವ ತಪ್ಪಿನ ಬಗ್ಗೆ. 8ನೇ ಷರತ್ತು ಹೀಗಿತ್ತು: "ರಿಪೇರಿ ಖರ್ಚು ಕಳೆದು ಉಳಿದ ಡಿಪಾಸಿಟ್ ಹಿಂದಿರುಗಿಸಲಾಗದು." ಲಾಗುವುದು ಇರಬೇಕಾದಲ್ಲಿ ಲಾಗದು. ನಡುವಿನ ಒಂದು ಕೊಂಬು, ಒಂದು ಅಕ್ಷರ ಬಿದ್ದುಹೋಗಿ ಕೊಡುತ್ತೇವೆ ಎಂಬುದು ಕೊಡುವುದಿಲ್ಲ ಎಂದಾಗಿದೆ. ಲಾಗದು ಕೂಡ ಒಳ್ಳೆಯ ಕನ್ನಡವೇ ಆದ್ದರಿಂದ ಬರೀ ಕಾಗುಣಿತ ನೋಡುವ ತಂತ್ರಾಂಶ ಕೆಂಪು ಗೆರೆ ಎಳೆಯುವುದಿಲ್ಲ. ಷರತ್ತುಪಟ್ಟಿಯಲ್ಲಿ ನಾನು ಲಾಗದು, ಬಾರದು, ಬಹುದು, ಇಲ್ಲ, ದಿಲ್ಲ ಇವನ್ನು ಒಂದೊಂದಾಗಿ ಹುಡುಕಿ, ಆ ವಾಕ್ಯ ಮಾತ್ರ ಜೋರಾಗಿ ಓದುತ್ತೇನೆ. ಕಿವಿಗೆ ತಪ್ಪು ಬೇಗ ಗೊತ್ತಾಗುತ್ತದೆ.

ಆದರೂ 8ನೆಯದನ್ನು ನಾನಾಗಿ ತಿದ್ದಲಿಲ್ಲ. ಅಕ್ಷರ ತಪ್ಪು ಎಂದು ಗೊತ್ತಿದ್ದರೂ ಅದು ಹಣದ ಮಾತು. ಅಂಚಿನಲ್ಲಿ "ಲಾಗುವುದು ಎಂದಾಗಬೇಕಲ್ಲವೇ?" ಎಂದು ಬರೆದೆ. ದನ್ಯವಾದವನ್ನು ನಾನೇ ತಿದ್ದುತ್ತೇನೆ. ಯಾರಿಗಾದರೂ ಸಿಗುವ ಅಥವಾ ತಪ್ಪುವ ಹಣ, ದಿನ, ಹಕ್ಕು ಬದಲಾಗುವುದಾದರೆ ಕೇಳುತ್ತೇನೆ. ಈ ಗೆರೆಯನ್ನು ನಾನು ದಾಟುವುದಿಲ್ಲ.

ಧಾಟಿಯ ಕೆಲಸ ಕೊನೆಗೆ. ಇಲ್ಲಿ ಮೂರು ದನಿ ಇದ್ದವು. ಎಲ್ಲಿಂದಲೋ ತಂದ ಭಾಗದಲ್ಲಿ "ಸಂಸ್ಥೆಯು ತನ್ನ ವಿವೇಚನೆಯ ಮೇರೆಗೆ ಶುಲ್ಕ ವಿಧಿಸುವ ಹಕ್ಕನ್ನು ಕಾಯ್ದಿರಿಸಿಕೊಂಡಿದೆ." ತಡ ಮಾಡುವವರ ಬಗ್ಗೆ "ಯಾವ ಕಾರಣಕ್ಕೂ ಸಹಿಸುವುದಿಲ್ಲ!!!" ಮತ್ತೆ ಮೊದಲಲ್ಲಿ, "ಚಿಂತೆ ಬೇಡ, ಏನೇ ಆದ್ರೂ ನಾವು ನೋಡ್ಕೋತೀವಿ."

ಮೂರರಲ್ಲಿ ಹೆಚ್ಚು ಅಪಾಯದ್ದು ಈ ಕೊನೆಯದೇ. ಓದಲು ಹಿತವಾಗಿದೆ, ಆದರೆ ಅದೊಂದು ಭರವಸೆ. ಲೆನ್ಸ್ ಒಡೆದವರು ಅದನ್ನೇ ತೋರಿಸಿ "ನೀವೇ ನೋಡ್ಕೋತೀವಿ ಅಂದಿದ್ರಲ್ವಾ" ಎಂದರೆ 8ನೇ ಷರತ್ತಿಗೆ ಬೆಲೆ ಎಲ್ಲಿ? "ಏನಾದರೂ ತೊಂದರೆಯಾದರೆ ಕೂಡಲೇ ನಮಗೆ ಫೋನ್ ಮಾಡಿ" ಎಂದು ಸೂಚಿಸಿದೆ. ಸಹಿಸುವುದಿಲ್ಲ ಎಂಬ ವಾಕ್ಯ ತೆಗೆಯಲು ಹೇಳಿದೆ. ತಡಕ್ಕೆ ಎಷ್ಟು ಶುಲ್ಕ ಎಂಬುದು ಅದರ ಕೆಳಗೇ ಇತ್ತು, ಸಿಟ್ಟು ಏನನ್ನೂ ಸೇರಿಸುತ್ತಿರಲಿಲ್ಲ. ಉಳಿದ ಕಡೆಯೆಲ್ಲ ಸಂಸ್ಥೆ ಹೋಗಿ ನಾವು ಬಂತು, ಗ್ರಾಹಕರು ಎಂಬುದು ನೇರ ಮಾತಿನಲ್ಲಿ ನೀವು ಆಯಿತು.

ಧಾಟಿ ಮೆದು ಮಾಡುವಾಗ ಕ್ರಿಯಾಪದದ ಮೇಲೆ ಕಣ್ಣಿರಬೇಕು. "24 ಗಂಟೆ ಮೊದಲು ತಿಳಿಸಬೇಕು" ಎಂಬುದನ್ನು ಹಿಂದೊಮ್ಮೆ ಬೇರೆ ಕೆಲಸದಲ್ಲಿ "ತಿಳಿಸಿದರೆ ಒಳ್ಳೆಯದು" ಎಂದು ಬರೆದಿದ್ದೆ. ಓದಲು ಚೆಂದವಿತ್ತು, ಕಡ್ಡಾಯ ಮಾತ್ರ ಹೋಗಿತ್ತು. ಪುಟ ಪ್ರಕಟವಾಗುವ ಮೊದಲು ಅಲ್ಲಿನ ವಕೀಲರು ಹಿಡಿದರು. ಈಗ "ದಯವಿಟ್ಟು ಗಮನಿಸಿ: 24 ಗಂಟೆ ಮೊದಲು ತಿಳಿಸಬೇಕು" ಎನ್ನುತ್ತೇನೆ. ಬೇಕು ಬೇಕಾಗಿಯೇ ಉಳಿಯುತ್ತದೆ.

ಬಣ್ಣದ ಗುರುತಿನೊಂದಿಗೆ ಫೈಲ್ ಕಳಿಸಿದಾಗ ನನ್ನ ತಿದ್ದುಪಡಿ ಅರವತ್ತರಷ್ಟು, ಪ್ರಶ್ನೆ ಏಳು. ಆರು ಪ್ರಶ್ನೆಗೆ ಅಂದೇ ಉತ್ತರ ಬಂತು. 11ನೇ ಷರತ್ತು ಈಗ ಹೀಗಿದೆ: "ನೀವು ಬುಕಿಂಗ್ ರದ್ದು ಮಾಡಿದರೆ ಮುಂಗಡ ವಾಪಸ್ ಕೊಡುವುದಿಲ್ಲ." ಏಳನೆಯದು, ಬಾಡಿಗೆಗೆ ಕೊಡುವವರೇ ಬುಕಿಂಗ್ ರದ್ದು ಮಾಡಿದರೆ ಮುಂಗಡ ಏನಾಗುತ್ತದೆ ಎಂಬುದು. ಹದಿನಾಲ್ಕು ಷರತ್ತಿನಲ್ಲಿ ಎಲ್ಲೂ ಇರಲಿಲ್ಲ. ಅದನ್ನು ಅವರು ವಕೀಲರಿಗೆ ಕಳಿಸಿದ್ದಾರೆ.