ಎವಿಎಲ್ ಟ್ರೀ ಪಾಠವನ್ನು ಒಂದು ಹಾಳೆಗೆ ಇಳಿಸುವುದು

ಪರೀಕ್ಷೆ ಹತ್ತಿರ ಬಂದರೆ ಹುಡುಗರು ಬ್ಯಾಲೆನ್ಸ್ಡ್ ಟ್ರೀ ಪಾಠದ ವ್ಯಾಖ್ಯೆಗಳನ್ನೆಲ್ಲ ಅಂದವಾಗಿ ಬರೆದುಕೊಳ್ಳುತ್ತಾರೆ. ರೊಟೇಷನ್ ಬಂದಾಗ ಮಾತ್ರ ನಾಲ್ಕು ಬಾಣ ಎಳೆದು ಮುಗಿಸುತ್ತಾರೆ. ಅಂಕ ಹೋಗುವುದು ಅಲ್ಲೇ. ಹಾಳೆಯ ಮುಕ್ಕಾಲು ಭಾಗ ರೊಟೇಷನ್‌ಗೇ ಇರಲಿ.

ಮೊದಲು ನಿಯಮ, ಒಂದೇ ಸಾಲು: ಪ್ರತಿ ನೋಡ್‌ನ ಎಡದ ಎತ್ತರದಿಂದ ಬಲದ ಎತ್ತರ ಕಳೆದರೆ -1, 0 ಅಥವಾ 1 ಬರಬೇಕು. ಕೆಲವು ಪುಸ್ತಕಗಳಲ್ಲಿ ಬಲದಿಂದ ಎಡ ಕಳೆಯುತ್ತಾರೆ. ಯಾವುದಾದರೂ ಸರಿ, ಎರಡನ್ನೂ ಬೆರೆಸಬೇಡಿ.

ಆಮೇಲೆ ಕಾಂಪ್ಲೆಕ್ಸಿಟಿ. ಹುಡುಕುವುದು, ಸೇರಿಸುವುದು, ಅಳಿಸುವುದು ಮೂರೂ `O(log n)`. ಇಷ್ಟಕ್ಕೇ ನಿಲ್ಲಿಸಬೇಡಿ. ಸೇರಿಸಿದಾಗ ಒಂದೇ ಜಾಗದಲ್ಲಿ ಸರಿಪಡಿಸಿದರೆ ಸಾಕು. ಅಳಿಸಿದಾಗ ಬೇರಿನವರೆಗೂ ಮತ್ತೆ ಮತ್ತೆ ತಿರುಗಿಸಬೇಕಾಗಬಹುದು. ಈ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಈಗ ರೊಟೇಷನ್. ನಾಲ್ಕು ಬಗೆಯನ್ನೂ ಬಾಯಿಪಾಠ ಮಾಡುವ ಬದಲು ಕಷ್ಟದ್ದೊಂದನ್ನು ಪೂರ್ತಿ ಬರೆಯಿರಿ. ಬೇರು 50. ಅದರ ಎಡಕ್ಕೆ 20, ಬಲಕ್ಕೆ 60. 20ರ ಮಕ್ಕಳು 10 ಮತ್ತು 30. ಇದಕ್ಕೆ 25 ಸೇರಿಸಬೇಕು.

25 ಹೋಗಿ 30ರ ಎಡಕ್ಕೆ ಕೂರುತ್ತದೆ. ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕುತ್ತಾ ಬನ್ನಿ: 30ಕ್ಕೆ 1, 20ಕ್ಕೆ -1, 50ಕ್ಕೆ 2. ಕೆಟ್ಟಿರುವುದು 50ರಲ್ಲಿ. ಅಲ್ಲಿಂದ 25ರ ಕಡೆಗೆ ಎರಡು ಹೆಜ್ಜೆ ಇಳಿಯಿರಿ: ಮೊದಲು ಎಡ, ಆಮೇಲೆ ಬಲ. ದಾರಿ ಹೀಗೆ ಸೊಟ್ಟಗಿದ್ದರೆ ಎರಡು ಸಲ ತಿರುಗಿಸಬೇಕು.

ಸುಮ್ನೆ 50ನ್ನು ಒಂದೇ ಸಲ ಬಲಕ್ಕೆ ತಿರುಗಿಸಿದರೆ ಏನಾಗುತ್ತದೆ ನೋಡಿ. 20 ಬೇರಾಗುತ್ತದೆ, ಆದರೆ ಎಡದ ಎತ್ತರ 1, ಬಲದ್ದು 3. ಎಡಕ್ಕಿದ್ದ ಭಾರ ಬಲಕ್ಕೆ ಹೋಯಿತು, ಅಷ್ಟೇ.

ಸರಿಯಾದ ಕ್ರಮ ಇದು. ಮೊದಲು 20ನ್ನು ಎಡಕ್ಕೆ ತಿರುಗಿಸಿ. 30 ಮೇಲೆ ಬರುತ್ತದೆ, 20 ಅದರ ಎಡಕ್ಕೆ ಇಳಿಯುತ್ತದೆ. ಆ ಜಾಗದಲ್ಲಿ ಮೊದಲೇ ಇದ್ದ 25 ಎಲ್ಲಿ ಹೋಗಬೇಕು? 20ಕ್ಕಿಂತ ದೊಡ್ಡದು, 30ಕ್ಕಿಂತ ಚಿಕ್ಕದು, ಹಾಗಾಗಿ 20ರ ಬಲಕ್ಕೆ. ಜಾಸ್ತಿ ಜನ ಕಳೆದುಕೊಳ್ಳುವ ನೋಡ್ ಇದೇ. ಈಗ 50ನ್ನು ಬಲಕ್ಕೆ ತಿರುಗಿಸಿ. 30 ಬೇರಾಗುತ್ತದೆ, 50 ಅದರ ಬಲಕ್ಕೆ ಇಳಿಯುತ್ತದೆ. 30ರ ಬಲಗಡೆ ಮೊದಲು ಖಾಲಿ ಇದ್ದದ್ದರಿಂದ 50ರ ಎಡಗಡೆಯೂ ಖಾಲಿಯೇ. 10 ಮತ್ತು 25 ಈಗ 20ರ ಕೆಳಗೆ, 60 ಮಾತ್ರ 50ರ ಬಲಕ್ಕೆ.

ಪ್ರತಿ ತಿರುವಿಗೂ ಬೇರೆ ಚಿತ್ರ ಬರೆಯಿರಿ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎಷ್ಟೋ ನೋಟ್ಸ್‌ಗಳಲ್ಲಿ ನಡುವಿನ ಚಿತ್ರವೇ ಇರುವುದಿಲ್ಲ, ಅವಕ್ಕೆ ದುಡ್ಡು ಹಾಕಬೇಡಿ. ಚಿತ್ರ ಸರಿ ಇದೆಯಾ ಅಂತ ತಿಳಿಯಲು ಇನ್‌ಆರ್ಡರ್‌ನಲ್ಲಿ ಓದಿ. ಮೂರೂ ಚಿತ್ರಗಳಲ್ಲಿ ಇದೇ ಬರಬೇಕು:

```
10 20 25 30 50 60
```

ಒಂದು ಸಂಖ್ಯೆ ಕಾಣೆಯಾದರೆ ಮಗುವನ್ನು ಸಾಗಿಸಲು ಮರೆತಿದ್ದೀರಿ. ಸಂಖ್ಯೆಗಳು ಹಿಂದುಮುಂದಾದರೆ ತಪ್ಪು ಕಡೆ ಜೋಡಿಸಿದ್ದೀರಿ. ಆದರೆ ಈ ಸಾಲು ಎತ್ತರದ ತಪ್ಪನ್ನು ಹಿಡಿಯುವುದಿಲ್ಲ. ಅದಕ್ಕೆ ಕೊನೆಯ ಚಿತ್ರದಲ್ಲಿ ಬ್ಯಾಲೆನ್ಸ್ ಮತ್ತೆ ಲೆಕ್ಕ ಹಾಕಿ: 20ಕ್ಕೆ 0, 50ಕ್ಕೆ -1, 30ಕ್ಕೆ 0. ಕೋಡ್ ಬರೆಯುವವರು ಕೆಳಗಿಳಿದ 50ರ ಎತ್ತರವನ್ನು ಮೊದಲು ಸರಿಪಡಿಸಿ, ಆಮೇಲೆ 30ರದ್ದು.