ಟರ್ಬೋ ಜೋಡಣೆಯ ಪುಟದ ಅನುವಾದ: ನನ್ನ ಅನುಭವ

ಕಾಸರಗೋಡಿನ ಗ್ಯಾರೇಜುಗಳಿಗಾಗಿ ಡೀಸೆಲ್ ಇಂಜಿನ್ನಿನ ಸರ್ವಿಸ್ ಕೈಪಿಡಿಯನ್ನು ಕನ್ನಡಿಸುವಾಗ ಟರ್ಬೋ ಜೋಡಣೆಯ ಪುಟವೇ ತೊಡಕಾಯಿತು. ಬೇರಿಂಗಿಗೆ ಮೊದಲೇ ಆಯಿಲ್ ತುಂಬಬೇಕೆಂಬ ಸೂಚನೆ ಮೂಲದಲ್ಲಿ ಕೊನೆಯ ಟಿಪ್ಪಣಿಯಾಗಿತ್ತು. ಹಂತಹಂತವಾಗಿ ಓದುತ್ತ ಕೆಲಸ ಮಾಡುವ ಮೆಕ್ಯಾನಿಕ್ ಅಲ್ಲಿಗೆ ತಲುಪುವಷ್ಟರಲ್ಲಿ ಆಯಿಲ್ ಪೈಪು ಬಿಗಿದಾಗಿರುತ್ತಿತ್ತು. ಒಣ ಬೇರಿಂಗ್ ಕೆಲವೇ ಸೆಕೆಂಡುಗಳಲ್ಲಿ ಸವೆಯಬಲ್ಲದಾದ್ದರಿಂದ ಇದನ್ನು ಹಾಗೆಯೇ ಬಿಡುವಂತಿರಲಿಲ್ಲ.

ಆದ್ದರಿಂದ ಸೂಚನೆಯನ್ನೇ ಹಂತವಾಗಿಸಿದೆ: ಆಯಿಲ್ ಪೈಪ್ ಜೋಡಿಸುವ ಮುನ್ನ ಟರ್ಬೋದ ಆಯಿಲ್ ಒಳದಾರಿಗೆ ಶುದ್ಧ ಇಂಜಿನ್ ಆಯಿಲ್ ಸುರಿದು, ಚಕ್ರವನ್ನು ಕೈಯಿಂದ ತಿರುಗಿಸಬೇಕು. ಜೋಡಿಸಿದ ಬಳಿಕ ಇಂಜಿನ್ ಸ್ಟಾರ್ಟ್ ಆಗದಂತೆ ಇಂಜೆಕ್ಟರುಗಳ ಕನೆಕ್ಟರ್ ಕಳಚಿ, ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಬೇಕು. ಕನೆಕ್ಟರ್ ಮರಳಿ ಹಾಕಿ ಸ್ಟಾರ್ಟ್ ಮಾಡಿದ ಮೇಲೂ ಕೆಲವು ನಿಮಿಷ ಎಕ್ಸಲರೇಟರ್ ಮುಟ್ಟಬಾರದು. ಬೋಲ್ಟ್ ಬಿಗಿಯುವ ಅಳತೆಗಳನ್ನು ಮಾತ್ರ ಮೂಲದಂತೆಯೇ ಉಳಿಸಿದ್ದೇನೆ.