ಬಳ್ಳಾರಿಯಲ್ಲಿಯೇ ಮೈಕ್ರೋ ಟೀಸಿ: ನಾಲ್ಕು ಮಿಲಿ ವೃಷಣದಲ್ಲಿ ವೀರ್ಯಾಣು ಸಿಕ್ಕ ಬಗೆ

ವೀರ್ಯದಲ್ಲಿ ವೀರ್ಯಾಣುವೇ ಇಲ್ಲದ ಗಂಡಸರ ವೃಷಣವನ್ನು ತೆರೆದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ವೀರ್ಯಾಣು ಹುಡುಕಿ ತೆಗೆಯುವ ಶಸ್ತ್ರಚಿಕಿತ್ಸೆಯೇ ಮೈಕ್ರೋ ಟೀಸಿ. ಅದು ಬೆಂಗಳೂರು, ಹೈದರಾಬಾದಿನ ದೊಡ್ಡ ಕೇಂದ್ರಗಳ ಕೆಲಸ, ಬಳ್ಳಾರಿಯಲ್ಲಿ ಅದಕ್ಕೆ ಕೈ ಹಾಕಬೇಡಿ ಎಂದು ನನಗೆ ಬುದ್ಧಿ ಹೇಳದ ಸಹೋದ್ಯೋಗಿಗಳು ಕಡಿಮೆ. ಸೂಕ್ಷ್ಮದರ್ಶಕಕ್ಕೆ ಹಾಕಿದ ಹಣ ಹಿಂದಿರುಗುವುದಿಲ್ಲ, ಲ್ಯಾಬಿನಲ್ಲಿ ವೀರ್ಯಾಣು, ಭ್ರೂಣಗಳನ್ನು ನೋಡಿಕೊಳ್ಳುವ ಎಂಬ್ರಿಯಾಲಜಿಸ್ಟ್ ಇಲ್ಲಿ ನಿಲ್ಲುವುದಿಲ್ಲ, ಏನೂ ಸಿಗದೆ ಹೋದರೆ ರೋಗಿಯ ಮನೆಯವರು ಬಂದು ಕೂರುತ್ತಾರೆ ಎಂಬುದು ಅವರ ವಾದವಾಗಿತ್ತು. ಮೊದಲ ವರ್ಷ ಅವರ ಮಾತು ನಿಜವಾಗುತ್ತಿರುವಂತೆಯೇ ಕಂಡಿತು. ಈಗ ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ ವೀರ್ಯಾಣು ಸಿಗುತ್ತಿದೆ. ದೊಡ್ಡ ಕೇಂದ್ರಗಳು ಹೇಳುವ ಪ್ರಮಾಣವೂ ಸುಮಾರು ಅಷ್ಟೇ. ಎಲ್ಲ ರೋಗಿಗಳ ಕತೆಯನ್ನೂ ಬರೆಯುವ ಬದಲು, ಹಾರ್ಮೋನು ಪರೀಕ್ಷೆ ಓದುವುದರಿಂದ ಹಿಡಿದು ಲ್ಯಾಬಿನ ಹನಿಯವರೆಗೆ ನಮ್ಮ ಇಡೀ ಪದ್ಧತಿಯನ್ನು ಒರೆಗೆ ಹಚ್ಚಿದ ಒಂದೇ ಪ್ರಕರಣವನ್ನು ಬರೆಯುತ್ತೇನೆ.

ಸಿಂಧನೂರು ಕಡೆಯ ಭತ್ತ ಬೆಳೆಯುವ ಕುಟುಂಬದವರು, ಮೂವತ್ತರ ಆಸುಪಾಸಿನ ವಯಸ್ಸು, ಮದುವೆಯಾಗಿ ಆರೇಳು ವರ್ಷ, ವೀರ್ಯದಲ್ಲಿ ವೀರ್ಯಾಣು ಇರಲಿಲ್ಲ. ನನ್ನ ಬಳಿ ಬರುವ ಮೊದಲು ಬೇರೆ ಊರಿನ ಒಂದು ಕೇಂದ್ರದಲ್ಲಿ ಅವರಿಗೆ ವೃಷಣಕ್ಕೂ ಅದರ ಹಿಂದಿನ ಸುರುಳಿ ನಾಳವಾದ ಎಪಿಡಿಡಿಮಿಸ್‌ಗೂ ಸೂಜಿ ಹಾಕಿ ನೋಡಿ, ಏನೂ ಸಿಗಲಿಲ್ಲವೆಂದು ದಾನಿಯ ವೀರ್ಯಾಣು ಬಳಸಲು ಹೇಳಿದ್ದರು. ಅಲ್ಲಿಗೆ ನಲವತ್ತು ಸಾವಿರದಷ್ಟು ಖರ್ಚಾಗಿತ್ತು. ವೃಷಣ ಸೋತಾಗ ಏರುವ ಪಿಟ್ಯುಟರಿ ಹಾರ್ಮೋನು ಎಫ್‌ಎಸ್‌ಎಚ್ ಕಡತದಲ್ಲಿ ಆರರ ಆಸುಪಾಸು, ಅಂದರೆ ಸಹಜವೆಂದೇ ಇತ್ತು. ಆ ಒಂದು ಅಂಕಿಯನ್ನು ನಂಬಿ ನಾಳ ಮುಚ್ಚಿಕೊಂಡಿದೆ ಎಂದು ತೀರ್ಮಾನಿಸಿದಂತಿತ್ತು.

ಆದರೆ ಕೈಯಿಂದ ಮುಟ್ಟಿ ನೋಡಿದರೆ ಎರಡೂ ವೃಷಣಗಳು ನಾಲ್ಕು ಮಿಲಿಗಿಂತ ಹೆಚ್ಚಿರಲಿಲ್ಲ, ಗಟ್ಟಿಯಾಗಿದ್ದವು. ವೀರ್ಯಾಣು ಸಾಗಿಸುವ ನಾಳವಾದ ವಾಸ್ ಎರಡೂ ಕಡೆ ಕೈಗೆ ಸಿಗುತ್ತಿತ್ತು, ಎಪಿಡಿಡಿಮಿಸ್ ಉಬ್ಬಿರಲಿಲ್ಲ, ವೀರ್ಯದ ಪ್ರಮಾಣ ಎರಡು ಮಿಲಿಯಷ್ಟಿದ್ದು ಫ್ರಕ್ಟೋಸ್ ಇತ್ತು, ಅಂದರೆ ನಾಳ ಮುಚ್ಚಿದ ಸುಳಿವು ಇರಲಿಲ್ಲ. ನಾಳ ಮುಚ್ಚಿದವರಲ್ಲಿ ವೃಷಣದ ಗಾತ್ರ ಹೀಗೆ ಕುಗ್ಗಿರುವುದಿಲ್ಲ. ಹಾಗಾದರೆ ಎಫ್‌ಎಸ್‌ಎಚ್ ಏಕೆ ಏರಿಲ್ಲ ಎಂಬ ಪ್ರಶ್ನೆಗೆ ಉತ್ತರ ಅವರ ಹೆಂಡತಿ ತಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಹಳೆಯ ಚೀಟಿಗಳ ನಡುವೆ, ಮೂರು ವಾರಕ್ಕೊಮ್ಮೆ 250 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ಎಂದು ಬರೆದ ಒಂದು ಚೀಟಿ ಸಿಕ್ಕಿತು. ನಿಶ್ಶಕ್ತಿಗೆಂದು ಯಾರೋ ಬರೆದುಕೊಟ್ಟಿದ್ದನ್ನು ಅವರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದ್ದರು. ಹೊರಗಿನ ಟೆಸ್ಟೋಸ್ಟಿರೋನ್ ಪಿಟ್ಯುಟರಿಯನ್ನು ಅದುಮಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡನ್ನೂ ಕೆಳಗೆ ತಂದಿತ್ತು. ವೃಷಣದ ಒಳಗೆ ಅಲ್ಪಸ್ವಲ್ಪ ನಡೆಯುತ್ತಿರಬಹುದಾದ ವೀರ್ಯಾಣು ಉತ್ಪಾದನೆಯನ್ನೂ ಅದೇ ಇಂಜೆಕ್ಷನ್ ನಿಲ್ಲಿಸುತ್ತದೆ. ನಮ್ಮ ಜಿಲ್ಲೆಗಳಲ್ಲಿ ಮಕ್ಕಳಾಗದ ಗಂಡಸರಿಗೆ ಈ ಇಂಜೆಕ್ಷನ್ ಬರೆಯುವುದನ್ನು ನಾನು ಇಂದಿಗೂ ನೋಡುತ್ತಿದ್ದೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ಇಂಜೆಕ್ಷನ್ ನಿಲ್ಲಿಸಿ ಕಾದೆವು. ಕೆಲವು ತಿಂಗಳ ನಂತರ ಬೆಳಿಗ್ಗೆ ಎಂಟು ಒಂಬತ್ತರ ನಡುವೆ ರಕ್ತ ತೆಗೆದಾಗ ನಿಜವಾದ ಚಿತ್ರ ಹೊರಬಂತು. ಎಫ್‌ಎಸ್‌ಎಚ್ ಮೂವತ್ತು ದಾಟಿತ್ತು, ಎಲ್‌ಎಚ್ ಹದಿನೈದರ ಮೇಲಿತ್ತು, ಟೆಸ್ಟೋಸ್ಟಿರೋನ್ 190ರ ಸುತ್ತ, ಎಸ್ಟ್ರಡಿಯಾಲ್ 36ರ ಸುತ್ತ ಇತ್ತು. ಬೆಂಗಳೂರಿಗೆ ಕಳುಹಿಸಿದ ಕ್ರೋಮೋಸೋಮ್ ಪರೀಕ್ಷೆ, ಕ್ಯಾರಿಯೋಟೈಪ್, ಮೂರು ವಾರದಲ್ಲಿ 47,XXY ಎಂದು ಬಂತು, ಅಂದರೆ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಸ್ಥಿತಿ. ವೈ ಕ್ರೋಮೋಸೋಮಿನ ಚಿಕ್ಕ ತುಣುಕು ಕಳೆದುಹೋಗಿರುವ ಮೈಕ್ರೋಡಿಲೀಷನ್ ಇರಲಿಲ್ಲ. ಈ ಎರಡು ಪರೀಕ್ಷೆಗೆ ಹತ್ತು ಸಾವಿರದ ಹತ್ತಿರ ಹೋಗುತ್ತದೆ, ಆದರೂ ಇವಿಲ್ಲದೆ ನಾನು ಯಾರನ್ನೂ ಟೇಬಲ್ಲಿಗೆ ತರುವುದಿಲ್ಲ. ವೈ ಕ್ರೋಮೋಸೋಮಿನ ಎಝಡ್‌ಎಫ್‌ಎ ಅಥವಾ ಎಝಡ್‌ಎಫ್‌ಬಿ ಭಾಗ ಪೂರ್ತಿ ಹೋಗಿದ್ದರೆ ಎಷ್ಟು ಹುಡುಕಿದರೂ ವೀರ್ಯಾಣು ಸಿಗುವುದಿಲ್ಲ, ಅಂಥವರಿಗೆ ಶಸ್ತ್ರಚಿಕಿತ್ಸೆಯ ಖರ್ಚನ್ನಾದರೂ ಉಳಿಸಬಹುದು. ಕ್ಲೈನ್‌ಫೆಲ್ಟರ್ ಎಂದು ಬಂದಾಗ ಮಾತ್ರ ಬಾಗಿಲು ಮುಚ್ಚಿತೆಂದು ಭಾವಿಸಬೇಕಿಲ್ಲ. ಇಂಥವರಲ್ಲಿಯೂ ಮೈಕ್ರೋ ಟೀಸಿಯಿಂದ ನೂರರಲ್ಲಿ ನಲವತ್ತು ಐವತ್ತು ಮಂದಿಗೆ ವೀರ್ಯಾಣು ಸಿಗುತ್ತದೆ, ಸಿಕ್ಕ ವೀರ್ಯಾಣುಗಳಲ್ಲಿ ಬಹುಪಾಲು ಸಹಜ ಕ್ರೋಮೋಸೋಮ್ ಹೊಂದಿರುತ್ತವೆ.

ಟೆಸ್ಟೋಸ್ಟಿರೋನನ್ನು ಎಸ್ಟ್ರಡಿಯಾಲ್‌ನಿಂದ ಭಾಗಿಸಿದರೆ ಇವರಲ್ಲಿ ಐದು ಬರುತ್ತಿತ್ತು. ಈ ಅನುಪಾತ ಹತ್ತಕ್ಕಿಂತ ಕೆಳಗಿದ್ದರೆ ಟೆಸ್ಟೋಸ್ಟಿರೋನ್ ಎಸ್ಟ್ರಡಿಯಾಲ್ ಆಗಿ ಬದಲಾಗುವುದನ್ನು ತಡೆಯುವ ಅನಾಸ್ಟ್ರೊಜೋಲ್ ಮಾತ್ರೆಯನ್ನು ನಾನು ದಿನಕ್ಕೆ ಒಂದು ಮಿಲಿಗ್ರಾಂ ಕೊಡುತ್ತೇನೆ. ಗಂಡಸರಿಗೆ ಈ ಉದ್ದೇಶಕ್ಕೆ ಅದು ಅಧಿಕೃತವಾಗಿ ಅನುಮತಿ ಪಡೆದ ಔಷಧವಲ್ಲ ಎಂಬುದನ್ನು ದಂಪತಿಗೆ ಹೇಳಿ ಸಹಿ ಪಡೆದೇ ಕೊಡುತ್ತೇನೆ. ಎಲ್‌ಎಚ್ ಆಗಲೇ ಏರಿರುವಾಗ, ಅದರಂತೆಯೇ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್ ಹೆಚ್ಚೇನೂ ಮಾಡಲಾರದು ಎಂಬುದು ನನ್ನ ಅನಿಸಿಕೆ. ಒಂದಿಬ್ಬರಲ್ಲಿ 1500 ಯೂನಿಟ್ ವಾರಕ್ಕೆರಡು ಬಾರಿ ಸೇರಿಸಿ ನೋಡಿದೆ, ಟೆಸ್ಟೋಸ್ಟಿರೋನ್ ಸ್ವಲ್ಪ ಏರಿತು, ಜೊತೆಗೆ ಎಸ್ಟ್ರಡಿಯಾಲ್ ಕೂಡ ಏರಿತು, ಅಲ್ಲಿಗೆ ಬಿಟ್ಟೆ. ಸಿಂಧನೂರಿನವರಲ್ಲಿ ನಾಲ್ಕು ತಿಂಗಳ ಹೊತ್ತಿಗೆ ಟೆಸ್ಟೋಸ್ಟಿರೋನ್ 340ರ ಹತ್ತಿರ ಬಂದು, ಎಸ್ಟ್ರಡಿಯಾಲ್ ಅರ್ಧಕ್ಕಿಳಿಯಿತು. ಮೈಕ್ರೋ ಟೀಸಿಯನ್ನು 1999ರಲ್ಲಿ ಮುಂದಿಟ್ಟ ನ್ಯೂಯಾರ್ಕಿನ ಪೀಟರ್ ಶ್ಲೆಗೆಲ್ ಅವರ ತಂಡವೇ, ಔಷಧದಿಂದ ಟೆಸ್ಟೋಸ್ಟಿರೋನ್ 250 ದಾಟಿದ ಕ್ಲೈನ್‌ಫೆಲ್ಟರ್ ರೋಗಿಗಳಲ್ಲಿ ಹೆಚ್ಚು ಸಲ ವೀರ್ಯಾಣು ಸಿಕ್ಕಿತೆಂದು ವರದಿ ಮಾಡಿತ್ತು. ಆದರೆ ಉಳಿದ ಬಗೆಯ ರೋಗಿಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲವೆಂದು ಅದೇ ತಂಡ ಮುಂದೆ ಹೇಳಿದೆ. ಆದುದರಿಂದ ಎಲ್ಲರಿಗೂ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ನನಗೆ ಒಪ್ಪಿಗೆಯಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: “ಸೂಜಿ ಹಾಕಿದಾಗ ಏನೂ ಸಿಗಲಿಲ್ರಿ ಸರ್, ಈಗ ಕೊಯ್ದ್ರ ಎಲ್ಲಿಂದ ಸಿಗ್ತಾವ್ರಿ?” ಸೂಜಿ ಕಣ್ಣಿಲ್ಲದೆ ಒಂದೆರಡು ಕಡೆ ಚುಚ್ಚುತ್ತದೆ, ನಿಮ್ಮ ವೃಷಣದಲ್ಲಿ ವೀರ್ಯಾಣು ತಯಾರಾಗುವ ನಾಳಿಕೆಗಳು ಬಹುಪಾಲು ಒಣಗಿವೆ, ಎಲ್ಲಿಯಾದರೂ ಒಂದೆರಡು ಜೀವಂತವಾಗಿದ್ದರೆ ಅವನ್ನು ನೋಡಿ ಆರಿಸಬೇಕು ಎಂದು ವಿವರಿಸಿದೆ. ಸಿಗದೆಯೂ ಹೋಗಬಹುದು ಎಂಬುದನ್ನು ಇಬ್ಬರ ಎದುರೂ ಸ್ಪಷ್ಟವಾಗಿ ಹೇಳಿದೆ.

ಅಂದು ಬೆಳಿಗ್ಗೆ ಮತ್ತೊಮ್ಮೆ ವೀರ್ಯ ಪಡೆದು, ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕುಳಿತದ್ದನ್ನು ಪೂರ್ತಿ ಹುಡುಕಿದೆವು. ಈ ಹಂತವನ್ನು ನಾವು ಯಾರಲ್ಲಿಯೂ ಕೈಬಿಡುವುದಿಲ್ಲ, ಏಕೆಂದರೆ ಹೀಗೆ ಹುಡುಕಿದಾಗ ಕೆಲವರಲ್ಲಿ ಬೆರಳೆಣಿಕೆಯ ವೀರ್ಯಾಣುಗಳು ಸಿಕ್ಕಿ ಕತ್ತರಿಯ ಅಗತ್ಯವೇ ಬೀಳದ ಉದಾಹರಣೆ ನಮ್ಮಲ್ಲಿದೆ. ಇವರಲ್ಲಿ ಸಿಗಲಿಲ್ಲ.

ಸೂಕ್ಷ್ಮದರ್ಶಕದ ವಿಷಯವನ್ನು ಇಲ್ಲಿ ಹೇಳಬೇಕು. ಕಿವಿ-ಮೂಗು-ಗಂಟಲು ವಿಭಾಗದ ಹಳೆಯ ಯಂತ್ರದಿಂದ ಆರಂಭಿಸಿದೆವು. ಅದರಲ್ಲಿ ಮಸೂರ ಬದಲಿಸಿದರೂ ಹದಿನೈದು ಪಟ್ಟಿನ ಮೇಲೆ ಬೆಳಕು ಸಾಲುತ್ತಿರಲಿಲ್ಲ. ಬೆಳಕು ಸಾಲದಿದ್ದರೆ ವೀರ್ಯಾಣು ಇರಬಹುದಾದ ಬಿಳಿ ನಾಳಿಕೆಗೂ ಒಣಗಿದ ಹಳದಿ ನಾಳಿಕೆಗೂ ಭೇದ ತಿಳಿಯದು. ಕೊನೆಗೆ ಏಳು ಲಕ್ಷದ ಹತ್ತಿರ ಕೊಟ್ಟು, ಕಾಲಿನಿಂದ ಫೋಕಸ್ ಮಾಡುವ ಬಳಸಿದ ಯಂತ್ರವೊಂದನ್ನು ತಂದೆ. ಆ ಸಾಲ ತೀರಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು.

ಎಡ ವೃಷಣವನ್ನು ಮಧ್ಯಭಾಗದಲ್ಲಿ ಅಡ್ಡಲಾಗಿ ತೆರೆದು, ಇಪ್ಪತ್ತು ಪಟ್ಟಿನಲ್ಲಿ ಪದರ ಪದರವಾಗಿ ನೋಡಿದೆ. ಕ್ಲೈನ್‌ಫೆಲ್ಟರ್ ವೃಷಣದಲ್ಲಿ ಟೆಸ್ಟೋಸ್ಟಿರೋನ್ ತಯಾರಿಸುವ ಲೇಡಿಗ್ ಜೀವಕೋಶಗಳ ಹಳದಿ-ಕಂದು ಗಂಟುಗಳು ತುಂಬಿರುತ್ತವೆ, ನಡುವೆ ನೂಲಿನ ಎಳೆಯಂಥ ಸತ್ತ ನಾಳಿಕೆಗಳು. ಎಡಗಡೆ ಒಂದೂವರೆ ಗಂಟೆ ಹುಡುಕಿದರೂ ಅಷ್ಟೇ ಕಂಡಿತು. ಬಲಗಡೆ ಮೇಲಿನ ತುದಿಯ ಹಿಂಭಾಗದಲ್ಲಿ, ರಕ್ತನಾಳವೊಂದರ ಪಕ್ಕ, ಸುತ್ತಲಿನವಕ್ಕಿಂತ ದಪ್ಪಗೆ, ಮಬ್ಬು ಬಿಳಿಯಾಗಿ ಉಬ್ಬಿದ ಎರಡು ಮೂರು ಸುರುಳಿಗಳು ಕಂಡವು. ತೆಗೆದದ್ದು ಕೆಲವು ಮಿಲಿಗ್ರಾಂ ಮಾತ್ರ. ಇಷ್ಟು ಚಿಕ್ಕ ವೃಷಣದಲ್ಲಿ ರಕ್ತಸಂಚಾರ ಕೆಡದಂತೆ ಆ ಹಿಂಭಾಗವನ್ನು ಕಣ್ಣಿನ ಎದುರಿಗೆ ತರಲು ನಾನು ಒಂದು ಬಗೆಯಲ್ಲಿ ಹಿಡಿಯುತ್ತೇನೆ. ಅದನ್ನು ಬರಹದಲ್ಲಿ ವಿವರಿಸಿದರೆ ತಪ್ಪಾಗಿ ಅರ್ಥವಾಗುವ ಅಪಾಯವಿರುವುದರಿಂದ, ಥಿಯೇಟರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಉಳಿದರ್ಧ ಕೆಲಸ ಪಕ್ಕದ ಕೋಣೆಯ ಲ್ಯಾಬಿನದು. ನಮ್ಮ ಮೊದಲ ಸೋಲುಗಳಲ್ಲಿ ಹೆಚ್ಚಿನವು ವೀರ್ಯಾಣುವಾಗುವ ಜೀವಕೋಶಗಳಿಲ್ಲದೆ ಅವಕ್ಕೆ ಆಸರೆಯಾಗುವ ಸರ್ಟೋಲಿ ಜೀವಕೋಶಗಳು ಮಾತ್ರ ಇದ್ದ ವೃಷಣಗಳೆಂದು ಬಯಾಪ್ಸಿ ಹೇಳಿತು, ಅಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಒಂದು ಪ್ರಕರಣದಲ್ಲಿ ಬಯಾಪ್ಸಿಯಲ್ಲಿ ವೀರ್ಯಾಣುವಾಗುವ ಕೊನೆಯ ಹಂತದ ಪಕ್ವ ಸ್ಪರ್ಮಾಟಿಡ್‌ಗಳು ಕಂಡರೂ ನಮ್ಮ ತಟ್ಟೆಯಲ್ಲಿ ವೀರ್ಯಾಣು ಸಿಕ್ಕಿರಲಿಲ್ಲ. ಕಾರಣ ಹುಡುಕಿದಾಗ ನಮ್ಮ ಎಂಬ್ರಿಯಾಲಜಿಸ್ಟ್ ವೀರ್ಯಾಣು ಹುಡುಕುವ ದ್ರವದ ಹನಿಗಳನ್ನು ತೋರಿಸಿದರು. ಏಪ್ರಿಲ್ ತಿಂಗಳ ಬಳ್ಳಾರಿಯ ಒಣ ಗಾಳಿ, ಮೇಲೆ ಎಸಿ, ಕೆಳಗೆ 37 ಡಿಗ್ರಿಯ ಬಿಸಿ ಹಲಗೆ. ಹುಡುಕುತ್ತಿರುವಾಗಲೇ ಹನಿಯ ಅಂಚು ಒಣಗಿ, ದ್ರವದ ಲವಣಾಂಶ ಏರಿ, ಮೊದಲೇ ನಿಶ್ಚಲವಾಗಿದ್ದ ವೀರ್ಯಾಣುಗಳು ಕಸದಂತೆ ಕಾಣುತ್ತಿದ್ದವು. ಅಂದಿನಿಂದ ಪ್ರತಿ ಹನಿಯನ್ನೂ ಮಿನರಲ್ ಆಯಿಲ್ ಅಡಿಯಲ್ಲಿಯೇ ಇಡುತ್ತೇವೆ, ಎಸಿಯ ಗಾಳಿ ಮೇಜಿನ ಮೇಲೆ ಬೀಳದಂತೆ ತಿರುಗಿಸಿದ್ದೇವೆ. ಕೊಲಾಜಿನೇಸ್ ಹಾಕಿ ನಾಳಿಕೆಗಳನ್ನು ಕರಗಿಸುವುದನ್ನೂ ಕೆಲಕಾಲ ಪ್ರಯತ್ನಿಸಿದೆವು. ಗೋಡೆ ದಪ್ಪಗಾದ ನಾಳಿಕೆಗಳಲ್ಲಿ ಅದರಿಂದ ಪ್ರಯೋಜನವಿದೆ, ಆದರೆ ಕೈಯಿಂದ ಚೆನ್ನಾಗಿ ಕೊಚ್ಚಿ, 24 ನಂಬರಿನ ಕ್ಯಾನುಲಾದಲ್ಲಿ ಮತ್ತೆ ಮತ್ತೆ ಹಾಯಿಸುವುದೇ ನಮಗೆ ಹೆಚ್ಚು ಒದಗಿತು.

ಸಿಂಧನೂರಿನವರ ಬಲಗಡೆಯ ತುಣುಕು ತಟ್ಟೆಗೆ ಹೋದ ಸ್ವಲ್ಪ ಹೊತ್ತಿನಲ್ಲಿಯೇ ಒಂದು ಬಾಲ ಕಂಡಿತೆಂಬ ಸುದ್ದಿ ಬಂತು. ಆಮೇಲೆ ನಾಲ್ಕು ಗಂಟೆಯ ಹುಡುಕಾಟದಲ್ಲಿ ಇಪ್ಪತ್ತೈದರಷ್ಟು ಸಿಕ್ಕವು. ಚಲನೆಯನ್ನು ಪ್ರಚೋದಿಸುವ ಪೆಂಟಾಕ್ಸಿಫಿಲಿನ್ ಹಾಕಿದಾಗ ಅವುಗಳಲ್ಲಿ ಕೆಲವು ನಿಂತಲ್ಲಿಯೇ ಮಿಡಿದವು, ಅಷ್ಟು ಮಿಡಿದರೆ ಒಂದೊಂದು ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಚುಚ್ಚುವ ಇಕ್ಸಿಗೆ ಸಾಕು. ಸಣ್ಣ ಸಣ್ಣ ಹನಿಗಳಲ್ಲಿ ಫ್ರೀಜ್ ಮಾಡಿದೆವು. ಹೆಂಡತಿಯ ಅಂಡಾಣು ಇಂಜೆಕ್ಷನ್‌ಗಳನ್ನು ಅದೇ ದಿನಕ್ಕೆ ಹೊಂದಿಸಿ ತಾಜಾ ವೀರ್ಯಾಣು ಬಳಸುವುದು ಒಳ್ಳೆಯದೆಂದು ಹೇಳುವವರಿದ್ದಾರೆ, ಫ್ರೀಜ್ ಮಾಡಿದರೆ ಕೆಲವು ನಷ್ಟವಾಗುವುದೂ ನಿಜ. ಆದರೆ ಗಂಡನಲ್ಲಿ ಏನೂ ಸಿಗದಿದ್ದರೆ ಹೆಂಡತಿಯ ಇಂಜೆಕ್ಷನ್‌ಗೆ ಹಾಕಿದ ಎಪ್ಪತ್ತು ಎಂಬತ್ತು ಸಾವಿರ ನೀರಿನಲ್ಲಿ ಹೋಮವಾಗುತ್ತದೆ. ಒಂದು ಬೆಳೆಯ ಹಣದಲ್ಲಿ ಚಿಕಿತ್ಸೆಗೆ ಬರುವವರಿಗೆ ಆ ಪಣ ಒಡ್ಡಲು ನಾನು ಒಪ್ಪುವುದಿಲ್ಲ.

ಮುಂದೆ ಒಂಬತ್ತು ಅಂಡಾಣುಗಳಿಗೆ ಇಕ್ಸಿ ಮಾಡಿದಾಗ ನಾಲ್ಕು ಫಲಿತವಾದವು, ವರ್ಗಾಯಿಸಲು ತಕ್ಕ ಭ್ರೂಣಗಳು ಎರಡು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ನಿಂತು, ಆಮ್ನಿಯೊಟಿಕ್ ದ್ರವದ ಪರೀಕ್ಷೆಯಲ್ಲಿ ಕ್ರೋಮೋಸೋಮುಗಳ ಸಂಖ್ಯೆ 46 ಎಂದೇ ಬಂದು, ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಪರೀಕ್ಷೆ, ಶಸ್ತ್ರಚಿಕಿತ್ಸೆ, ಇಕ್ಸಿ ಎಲ್ಲ ಸೇರಿ ಅವರಿಗೆ ಮೂರು ಲಕ್ಷದೊಳಗೆ ಮುಗಿಯಿತೆಂದು ನೆನಪು.

ಶಸ್ತ್ರಚಿಕಿತ್ಸೆಯ ನಂತರ ಅವರ ಟೆಸ್ಟೋಸ್ಟಿರೋನ್ ನಿರೀಕ್ಷಿಸಿದಂತೆಯೇ ಕುಸಿಯಿತು. ಮೂರು, ಆರು, ಹನ್ನೆರಡು ತಿಂಗಳಿಗೆ ಪರೀಕ್ಷಿಸುತ್ತಾ ಬಂದೆ. ಉಳಿದವರಲ್ಲಿ ವರ್ಷ ಒಂದೂವರೆ ವರ್ಷದೊಳಗೆ ಅದು ಬಹುಮಟ್ಟಿಗೆ ಮೊದಲಿನ ಹಂತಕ್ಕೆ ಮರಳುತ್ತದೆ, ಕ್ಲೈನ್‌ಫೆಲ್ಟರ್ ಇರುವವರಲ್ಲಿ ಅಷ್ಟು ಚೆನ್ನಾಗಿ ಮರಳುವುದಿಲ್ಲ. ಇವರಿಗೆ ಸುಸ್ತು ಹೆಚ್ಚಾಗಿ, ಮೂಳೆಯ ಸಾಂದ್ರತೆಯೂ ಕಡಿಮೆ ಬಂದುದರಿಂದ ಈಗ ಟೆಸ್ಟೋಸ್ಟಿರೋನ್ ಜೆಲ್ ಆರಂಭಿಸಿದ್ದೇನೆ. ಮೊದಲು ಹೊತ್ತಲ್ಲದ ಹೊತ್ತಿನಲ್ಲಿ ಚುಚ್ಚಿದ ಹಾರ್ಮೋನನ್ನೇ ಈಗ ಕೊಡಲು ಸಾಧ್ಯವಾಗಿರುವುದು, ಎರಡನೆಯ ಮಗುವಿಗೆಂದು ಏಳೆಂಟು ವೀರ್ಯಾಣುಗಳು ದ್ರವ ಸಾರಜನಕದಲ್ಲಿ ಇನ್ನೂ ಉಳಿದಿರುವುದರಿಂದ.